ಖಾಲಿ ಆಕಾಶಕ್ಕೆ ಬೆಳ್ಳಕ್ಕಿ ಗುಂಪು ಸೇರಿಸುವಾಗ

ಪ್ರಶ್ನೆ: ಸಂಜೆ ಕೆರೆಯ ಫೋಟೊ ತೆಗೆದೆ. ಆಕಾಶ ಖಾಲಿ ಅನ್ನಿಸಿ ಫೋಟೋಶಾಪ್‌ನಲ್ಲಿ ಬೆಳ್ಳಕ್ಕಿ ಗುಂಪು ಸೇರಿಸಿದೆ. ನೋಡಿದವರೆಲ್ಲ ಅಂಟಿಸಿದ್ದು ಅಂತಾರೆ. ಫುಲ್ ಫ್ರೇಮ್ ಕ್ಯಾಮೆರಾ, 24 ಎಂಎಂ ಲೆನ್ಸ್, ಶಟರ್ 1/60, ಫೋಟೊ ಅಗಲ 6000 ಪಿಕ್ಸೆಲ್. ಎಲ್ಲಿ ಎಡವಿದೆ ಸರ್?

ಉತ್ತರ: ಮೊದಲು ಹಕ್ಕಿಗಳು ಎಷ್ಟು ದೂರದಲ್ಲಿವೆ ಅಂತ ತೀರ್ಮಾನಿಸಿ. ಮಿಕ್ಕಿದ್ದೆಲ್ಲ ಅದರಿಂದಲೇ ಬರುತ್ತದೆ. 100 ಮೀಟರ್ ಅಂದುಕೊಳ್ಳೋಣ. ನಿಮ್ಮ ಸೆನ್ಸರ್ ಅಗಲ 36 ಎಂಎಂ, ಲೆನ್ಸ್ 24. ಹಾಗಾಗಿ ಆ ದೂರದಲ್ಲಿ ಫ್ರೇಮಿಗೆ 150 ಮೀಟರ್ ಅಗಲ ಹಿಡಿಯುತ್ತದೆ. ಅಂದ್ರೆ ಒಂದು ಮೀಟರಿಗೆ 40 ಪಿಕ್ಸೆಲ್. ರೆಕ್ಕೆ ಬಿಚ್ಚಿದ ಬೆಳ್ಳಕ್ಕಿ ತುದಿಯಿಂದ ತುದಿಗೆ ಸುಮಾರು 90 ಸೆಂ.ಮೀ., ಫೋಟೊದಲ್ಲಿ ಬರೀ 36 ಪಿಕ್ಸೆಲ್. ಇಷ್ಟು ಚಿಕ್ಕದಾ ಅನ್ನಿಸಬಹುದು, ಆದರೆ ವೈಡ್ ಲೆನ್ಸಿಗೆ ಹಕ್ಕಿ ಕಾಣುವುದೇ ಹೀಗೆ. 200 ಪಿಕ್ಸೆಲ್ ಇಟ್ಟರೆ ಅದು 18 ಮೀಟರ್ ದೂರದ ಹಕ್ಕಿಯಾಗುತ್ತದೆ.

ಒಂದೇ ಗುಂಪಿನಲ್ಲಿ ಗಾತ್ರ ಜಾಸ್ತಿ ಬದಲಾಗಬಾರದು. ಗುಂಪು 90ರಿಂದ 110 ಮೀಟರ್‌ವರೆಗೆ ಹರಡಿದ್ದರೂ ಹತ್ತಿರದ್ದು 40 ಪಿಕ್ಸೆಲ್, ದೂರದ್ದು 33, ಅಷ್ಟೇ. ದೊಡ್ಡದರ ಪಕ್ಕ ಅದರ ಅರ್ಧದಷ್ಟಿರುವ ಹಕ್ಕಿ ಇಟ್ಟರೆ ಕಣ್ಣು ನಂಬುವುದಿಲ್ಲ. ಚಿಕ್ಕ ಹಕ್ಕಿ ಬೇಕಾದರೆ 200 ಮೀಟರಿನಲ್ಲಿ ಇನ್ನೊಂದು ಗುಂಪನ್ನೇ ಮಾಡಿ. ಅಲ್ಲಿ ಗಾತ್ರದ ಜೊತೆ ಹಕ್ಕಿಗಳ ನಡುವಿನ ಜಾಗವೂ ಅರ್ಧವಾಗಬೇಕು, ಬಣ್ಣವೂ ಆಕಾಶದ ಕಡೆಗೆ ಸ್ವಲ್ಪ ಮಾಸಬೇಕು.

ಅಂತರ ಅಳೆಯಲು ರೆಕ್ಕೆಯಗಲವನ್ನೇ ಅಳತೆಗೋಲು ಮಾಡಿಕೊಳ್ಳಿ. ಎರಡು ಹಕ್ಕಿ ಹೆಚ್ಚುಕಡಿಮೆ ತಾಗುವಂತಿರಲಿ, ಮುಂದಿನದು ಎರಡು ರೆಕ್ಕೆಯಗಲ ಆಚೆ, ಆಮೇಲೆ ನಾಲ್ಕರಷ್ಟು ಜಾಗ ಬಿಡಿ. ಒಂದೆರಡು ಕಡೆ ಒಂದರ ರೆಕ್ಕೆ ಇನ್ನೊಂದರ ಹಿಂದೆ ಮರೆಯಾಗಲಿ. ಎಲ್ಲ ಕಡೆ ಸಮ ಜಾಗ ಬಿಟ್ಟರೆ ಬಟ್ಟೆ ಮೇಲಿನ ಪ್ರಿಂಟ್ ಥರ ಕಾಣುತ್ತದೆ.

ಈಗ ಬ್ಲರ್. ಬೆಳ್ಳಕ್ಕಿ ಸೆಕೆಂಡಿಗೆ 10 ಮೀಟರ್ ಹಾರುತ್ತದೆ ಅಂತಿಟ್ಟುಕೊಳ್ಳಿ. 1/60 ಸೆಕೆಂಡಿನಲ್ಲಿ 17 ಸೆಂ.ಮೀ. ಸಾಗುತ್ತದೆ. 100 ಮೀಟರಿನ ಗುಂಪಿಗೆ ಅದು ಸುಮಾರು 7 ಪಿಕ್ಸೆಲ್, 200 ಮೀಟರಿನ ಗುಂಪಿಗೆ ಮೂರೂವರೆ. ಹಕ್ಕಿಯನ್ನು ಕೊನೆಯ ಗಾತ್ರಕ್ಕೆ ತಂದ ಮೇಲೆಯೇ `Motion Blur` ಹಾಕಿ, ಕೋನ ಹಾರುವ ದಿಕ್ಕಿಗೇ ಇರಲಿ. ಈ ಲೆಕ್ಕ ಅಡ್ಡಲಾಗಿ ಹಾರುವ ಹಕ್ಕಿಗೆ ಮಾತ್ರ. ನೇರ ನಮ್ಮ ಕಡೆ ಬರುವ ಹಕ್ಕಿಯ ಮೈ ಅಷ್ಟಾಗಿ ಕದಲುವುದಿಲ್ಲ.

ರೆಕ್ಕೆಯದೇ ಬೇರೆ ಕತೆ. ಪೂರ್ತಿ ಮೇಲೆ ಅಥವಾ ಪೂರ್ತಿ ಕೆಳಗೆ ಹೋದಾಗ ಅದು ಒಂದು ಕ್ಷಣ ನಿಂತು ತಿರುಗುತ್ತದೆ. ಆಗ ಮೈಗೆ ಇರುವಷ್ಟೇ ಬ್ಲರ್ ಸಾಕು. ನಡುವೆ ಬೀಸುವಾಗ ತುದಿ ಜೋರಾಗಿ ಚಲಿಸುತ್ತದೆ. ಆ ಹಕ್ಕಿಗಳ ರೆಕ್ಕೆಯ ತುದಿಯನ್ನಷ್ಟೇ ಆಯ್ದು, ಓರೆಯಾಗಿ ಇನ್ನೊಂದು 3-4 ಪಿಕ್ಸೆಲ್ ಬ್ಲರ್ ಕೊಡಿ. ಎಲ್ಲಕ್ಕೂ ಒಂದೇ ಫಿಲ್ಟರ್ ಎಳೆದಾಗಲೇ ಅಂಟಿಸಿದ್ದು ಅಂತ ಗೊತ್ತಾಗುವುದು.

ಕೊನೆಗೆ 100%ಗೆ ಜೂಮ್ ಮಾಡಿ ನೋಡಿ. ಸಂಜೆಯ ಆಕಾಶದಲ್ಲಿ ಗ್ರೇನ್ ಇದ್ದು ಹಕ್ಕಿ ಮಾತ್ರ ನುಣ್ಣಗಿದ್ದರೆ, ಬ್ಲರ್ ಆದ ಮೇಲೆ ಹಕ್ಕಿ ಲೇಯರಿಗೂ ಅಷ್ಟೇ ಗ್ರೇನ್ ಸೇರಿಸಿ.