ಸಾನ್‌ಶಿರೊಗೆ ಆಸೆ ಇಲ್ವಾ?

“ಜಪಾನಿನ ಲೇಖಕ ಸೋಸೆಕಿಯ ಕಾದಂಬರಿ ‘ಸಾನ್‌ಶಿರೊ’ ಓದಿದೆ. ಹಳ್ಳಿ ಹುಡುಗನ ಒಂಟಿತನ ಕಾಣುತ್ತೆ, ಆದ್ರೆ ಏನಾದ್ರೂ ಸಾಧಿಸೋ ಆಸೆ ಎಲ್ಲಿದೆ?”

ನಾಲ್ಕನೇ ಅಧ್ಯಾಯ ಇನ್ನೊಮ್ಮೆ ನೋಡಿ. ಅಮ್ಮನ ಕಾಗದ ಓದಿದ ಮೇಲೆ ಅವನಿಗೆ ಮೂರು ಲೋಕಗಳು ಕಾಣುತ್ತವೆ: ಅಮ್ಮ ಇರುವ ಊರು, ಪುಸ್ತಕದಲ್ಲೇ ಬದುಕುವ ವಿದ್ವಾಂಸರು, ಚೆಲುವೆಯರಿರುವ ಝಗಮಗ ಟೋಕಿಯೊ. ಮೂರನ್ನೂ ಸೇರಿಸಿ ಲೆಕ್ಕ ಹಾಕುತ್ತಾನೆ. ಅಮ್ಮನನ್ನು ಕರೆಸಿಕೊಳ್ಳೋದು, ಚೆಂದದ ಹುಡುಗಿಯನ್ನು ಮದುವೆಯಾಗೋದು, ಓದಿನಲ್ಲಿ ಮುಳುಗೋದು. ಆಸೆ ಸಣ್ಣದೇನಲ್ಲ, ಅಲ್ವಾ?

ಆದರೆ ಹೆಜ್ಜೆ ಇಡಲ್ಲ. ನಗೋಯಾದ ಹೋಟೆಲಿನಲ್ಲಿ ಅಪರಿಚಿತ ಹೆಂಗಸಿಗೂ ಇವನಿಗೂ ಒಂದೇ ಹಾಸಿಗೆ ಸಿಕ್ಕಾಗ, ನಡುವೆ ಬಟ್ಟೆ ಸುತ್ತಿ ಗೋಡೆ ಮಾಡಿದವನು ಇವನು. ಬೆಳಿಗ್ಗೆ ಆಕೆ ‘ನಿಮಗೆ ಧೈರ್ಯ ಕಮ್ಮಿ’ ಅಂತ ನಕ್ಕು ಹೋಗುತ್ತಾಳೆ. ಟೋಕಿಯೊದಲ್ಲಿ ಇವನು ಮನಸೋತ ಹುಡುಗಿ ಮಿನೆಕೊ ಹತ್ತಿರವೂ ಅದೇ ಕಥೆ. ಇವನು ಯೋಚಿಸುತ್ತಲೇ ಇರುತ್ತಾನೆ, ಅವಳ ಮದುವೆ ಬೇರೆಯವನ ಜೊತೆ ಆಗಿಹೋಗುತ್ತದೆ.