ಯುಪಿಐಗೆ ಶುಲ್ಕ ಇಲ್ಲ ಅಂದ್ರು, ಮತ್ತೆ ಈ 23 ರೂಪಾಯಿ 60 ಪೈಸೆ ಯಾವುದು?

ಪ್ರಶ್ನೆ: ಸರ್, ಬೆಂಗಳೂರಿನಿಂದ ಹುಬ್ಬಳ್ಳಿಗೆ ನಾಲ್ಕು ಜನಕ್ಕೆ ಥರ್ಡ್ ಎಸಿ ಬುಕ್ ಮಾಡಿದೆ. ಆ್ಯಪ್ ಮೊದಲು ತೋರಿಸಿದ್ದು 3,200. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ ಮೇಲೆ ನೋಡಿದರೆ 3,309 ಹೋಗಿದೆ. ಯುಪಿಐನಲ್ಲಿ ಕಟ್ಟಿದ್ದರೆ ಏನೂ ಬೀಳುತ್ತಿರಲಿಲ್ಲ ಅಂತಾರೆ ಗೆಳೆಯರು. ನಿಜಾನಾ?

ಇಲ್ಲ. ನಿಮ್ಮ ಗೆಳೆಯರು ಅರ್ಧ ಮಾತ್ರ ಸರಿ. ಈ ಅರ್ಧ ಸತ್ಯವನ್ನು ಬೇರೆ ಬೇರೆ ಊರಿನವರು ಬೇರೆ ಬೇರೆ ಥರ ಕೇಳುತ್ತಲೇ ಇರುತ್ತಾರೆ, ಹಾಗಾಗಿ ಈ ಸಲ ಜಾಗ ಎಲ್ಲಾ ಇದಕ್ಕೇ.

ನೀವು ಕಳಿಸಿದ ರಸೀದಿಯನ್ನೇ ತೆಗೆದುಕೊಳ್ಳೋಣ. ಮೇಲೆ ಬಿದ್ದ 109 ರೂಪಾಯಿ ಒಂದೇ ಶುಲ್ಕ ಅಲ್ಲ. ನಾಲ್ಕು ಬೇರೆ ಬೇರೆ ಸಾಲುಗಳಿವೆ, ನಾಲ್ಕೂ ಬೇರೆ ಬೇರೆ ಕಿಸೆಗೆ ಹೋಗುತ್ತವೆ. ಐಆರ್‌ಸಿಟಿಸಿ ಕನ್ವೀನಿಯನ್ಸ್ ಫೀ 35.40. ಏಜೆಂಟ್ ಸರ್ವಿಸ್ ಚಾರ್ಜ್ 40. ಪೇಮೆಂಟ್ ಗೇಟ್‌ವೇ ಚಾರ್ಜ್ 32. ಪ್ರಯಾಣ ವಿಮೆ 1.80. ಯಾವ ಸಾಲು ಯಾರಿಗೆ ಹೋಗುತ್ತೆ ಅಂತ ಗೊತ್ತಾದರೆ ಯಾವುದನ್ನು ಬಿಡಿಸಿಕೊಳ್ಳಬಹುದು, ಯಾವುದನ್ನು ಆಗಲ್ಲ ಅನ್ನೋದು ತಾನೇ ಗೊತ್ತಾಗುತ್ತದೆ.

ಮೊದಲು ಕನ್ವೀನಿಯನ್ಸ್ ಫೀ. ಇದು ಹಣ ಕಟ್ಟಿದ್ದಕ್ಕೆ ಬೀಳುವ ಶುಲ್ಕ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅಲ್ಲ. ಆನ್‌ಲೈನಿನಲ್ಲಿ ಟಿಕೆಟ್ ಕೊಟ್ಟಿದ್ದಕ್ಕೆ ಐಆರ್‌ಸಿಟಿಸಿ ತೆಗೆದುಕೊಳ್ಳುವ ಕೂಲಿ ಇದು, ಅದರ ಸ್ವಂತ ಆದಾಯ. ಮೊದಲು ನಾನ್ ಎಸಿಗೆ 20, ಎಸಿಗೆ 40 ಇತ್ತು. 2016ರ ನವೆಂಬರ್‌ನಲ್ಲಿ ನೋಟು ರದ್ದಾದಾಗ ಜನ ಆನ್‌ಲೈನಿಗೆ ಬರಲಿ ಅಂತ ಸರ್ಕಾರ ಇದನ್ನು ಮನ್ನಾ ಮಾಡಿಸಿತು. 2019ರ ಸೆಪ್ಟೆಂಬರ್ 1ರಿಂದ ಮತ್ತೆ ಶುರುವಾಯಿತು. ಅದರ ಮುಂದಿನ ತಿಂಗಳೇ ಕಂಪನಿ ಷೇರುಪೇಟೆಗೆ ಬಂತು, ಅದನ್ನೂ ಗಮನಿಸಿ. ವಾಪಸ್ ಬಂದಾಗ ದರ ಎರಡು ಥರ ಆಯಿತು. ಯುಪಿಐನಲ್ಲಿ ಕಟ್ಟಿದರೆ ನಾನ್ ಎಸಿಗೆ 10, ಎಸಿಗೆ 20. ಕಾರ್ಡು, ನೆಟ್ ಬ್ಯಾಂಕಿಂಗ್ ಇತ್ಯಾದಿಗೆ 15 ಮತ್ತು 30. ಇದರ ಮೇಲೆ ಶೇ. 18 ಜಿಎಸ್‌ಟಿ. ಅಂದರೆ ಎಸಿ ಟಿಕೆಟ್‌ಗೆ ಯುಪಿಐನಲ್ಲಿ 23.60, ಕಾರ್ಡಿನಲ್ಲಿ 35.40. ಸ್ಲೀಪರ್‌ಗೆ 11.80 ಮತ್ತು 17.70.

ಯುಪಿಐ ಉಚಿತ ಅನ್ನುವ ಮಾತು ಬಂದಿರೋದು ಬೇರೆ ಕಡೆಯಿಂದ. ನೀವು ಹಣ ಕಟ್ಟಿದಾಗ ವ್ಯಾಪಾರಿ ತನ್ನ ಬ್ಯಾಂಕಿಗೆ ಒಂದು ಪಾಲು ಕೊಡಬೇಕು, ಅದಕ್ಕೆ ಎಂಡಿಆರ್ ಅಂತಾರೆ. 2020ರ ಜನವರಿ 1ರಿಂದ ಯುಪಿಐಗೂ ರುಪೇ ಡೆಬಿಟ್ ಕಾರ್ಡಿಗೂ ಈ ಎಂಡಿಆರ್ ಸೊನ್ನೆ. ಸೊನ್ನೆಯಾಗಿದ್ದು ಅದು ಮಾತ್ರ. ಟಿಕೆಟ್ ಮಾರುವವರು ತಮ್ಮ ಸೇವೆಗೆ ಅಂತ ಹಾಕುವ ಶುಲ್ಕಕ್ಕೂ ಅದಕ್ಕೂ ಸಂಬಂಧ ಇಲ್ಲ. ಹಾಗಾಗಿ ನೀವು ಯುಪಿಐನಲ್ಲೇ ಕಟ್ಟಿದ್ದರೂ 23.60 ಬೀಳುತ್ತಿತ್ತು. ಇದನ್ನಿಟ್ಟುಕೊಂಡು ಬ್ಯಾಂಕಿಗೆ ದೂರು ಕೊಡುವವರಿದ್ದಾರೆ. ಸುಮ್ನೆ ಟೈಮ್ ವೇಸ್ಟು.

ಎರಡನೇ ಸಾಲು, ಏಜೆಂಟ್ ಸರ್ವಿಸ್ ಚಾರ್ಜ್. ನೀವು ಬುಕ್ ಮಾಡಿದ್ದು ಖಾಸಗಿ ಆ್ಯಪಿನಲ್ಲಿ. ರೈಲು ಟಿಕೆಟ್ ವಿಷಯದಲ್ಲಿ ಆ ಆ್ಯಪ್ ಎಷ್ಟೇ ದೊಡ್ಡದಿರಲಿ, ಅದು ಐಆರ್‌ಸಿಟಿಸಿಯ ಏಜೆಂಟ್ ಅಷ್ಟೇ. ಅದಕ್ಕೇ ಬುಕ್ ಮಾಡುವಾಗ ಕೊನೆಗೆ ಐಆರ್‌ಸಿಟಿಸಿ ಪಾಸ್‌ವರ್ಡ್ ಕೇಳಿದ್ದು. ಐಆರ್‌ಸಿಟಿಸಿ ಫೀ ಅಲ್ಲೂ ಇದ್ದೇ ಇರುತ್ತದೆ, ಅದರ ಮೇಲೆ ಆ್ಯಪಿನ ಕೂಲಿ ಬೇರೆ. ಐಆರ್‌ಸಿಟಿಸಿಯ ಸ್ವಂತ ಸೈಟಿಗೋ ಆ್ಯಪಿಗೋ ಹೋಗಿದ್ದರೆ ಈ 40 ಉಳಿಯುತ್ತಿತ್ತು. ಸೀಟು ಸಿಗುವ ಸಾಧ್ಯತೆ ಖಾಸಗಿ ಆ್ಯಪಿನಲ್ಲಿ ಜಾಸ್ತಿ ಅನ್ನೋದು ಶುದ್ಧ ಸುಳ್ಳು. ಎಲ್ಲರೂ ಕೈ ಹಾಕೋದು ಒಂದೇ ರೈಲಿನ ಒಂದೇ ಲೆಕ್ಕಕ್ಕೆ.

ಮೂರನೆಯದು ಗೇಟ್‌ವೇ ಚಾರ್ಜ್. ಇದು ಮಾತ್ರ ನಿಜವಾಗಿ ಹಣ ಕಟ್ಟುವ ವಿಧಾನದ ಶುಲ್ಕ. ನಿಮ್ಮದು ಕ್ರೆಡಿಟ್ ಕಾರ್ಡ್, ಅದಕ್ಕೇ 3,200ರ ಮೇಲೆ ಶೇ. 1 ಬಿತ್ತು. ಇದು ಟಿಕೆಟ್ ಮೊತ್ತದ ಜೊತೆ ಬೆಳೆಯುತ್ತದೆ ಅನ್ನೋದನ್ನು ನೆನಪಿಡಿ. ಕನ್ವೀನಿಯನ್ಸ್ ಫೀ ಹಾಗಲ್ಲ, 500ರ ಟಿಕೆಟ್‌ಗೂ 5,000ದ ಟಿಕೆಟ್‌ಗೂ ಅಷ್ಟೇ. ಕಾರ್ಡಿನಲ್ಲಿ ಪಾಯಿಂಟ್ ಬರುತ್ತೆ ಸರ್ ಅಂತ ಬರೆಯುವವರು ಆ ಪಾಯಿಂಟನ್ನು ರೂಪಾಯಿಗೆ ಇಳಿಸಿ ನೋಡಲಿ. ಇಲ್ಲಿ ಕಾರ್ಡಿಗಾಗಿಯೇ ಜಾಸ್ತಿ ಹೋಗಿದ್ದು ಗೇಟ್‌ವೇ ಚಾರ್ಜ್ 32 ಮತ್ತು ಕನ್ವೀನಿಯನ್ಸ್ ಫೀಯ ವ್ಯತ್ಯಾಸ 11.80, ಒಟ್ಟು 43.80. ಅಷ್ಟಕ್ಕಿಂತ ಜಾಸ್ತಿ ಬೆಲೆಯ ಪಾಯಿಂಟ್ ಬಂದರೆ ಕಾರ್ಡ್ ಬಳಸಿ, ಇಲ್ಲಾಂದ್ರೆ ಬೇಡ. ಗೇಟ್‌ವೇ ಚಾರ್ಜ್ ಮನ್ನಾ ಮಾಡುವ ಐಆರ್‌ಸಿಟಿಸಿ ಹೆಸರಿನ ಕಾರ್ಡುಗಳೂ ಇವೆ. ಆದರೆ ಅವುಗಳಲ್ಲೂ ಮನ್ನಾ ಆಗೋದು ಗೇಟ್‌ವೇ ಚಾರ್ಜ್, ಕನ್ವೀನಿಯನ್ಸ್ ಫೀ ಅಲ್ಲ.

ನಾಲ್ಕನೆಯದು ವಿಮೆ, ತಲೆಗೆ 45 ಪೈಸೆ. ಇದನ್ನು ತೆಗೆಸೋದು ಹೇಗೆ ಅಂತ ಕೇಳಬೇಡಿ. 45 ಪೈಸೆಗೆ ಸಾವಿಗೆ 10 ಲಕ್ಷದ ಪರಿಹಾರ ಇರುವ ವಿಮೆ, ತೆಗೆದುಕೊಳ್ಳಿ, ನಾಮಿನಿ ಹೆಸರನ್ನೂ ತುಂಬಿಸಿ. ಖಾಸಗಿ ಆ್ಯಪುಗಳು "ಉಚಿತ ರದ್ದತಿ" ಅಂತ ಮಾರುವುದು ಇದಲ್ಲ. ಅದು ದುಬಾರಿ ಮಾಲು, ಕೆಲವು ಸಲ ಮೊದಲೇ ಟಿಕ್ ಆಗಿರುತ್ತದೆ. ಹಣ ಕಟ್ಟುವ ಮೊದಲು ಅದೊಂದನ್ನು ನೋಡಿ.

ಒಟ್ಟು ಲೆಕ್ಕ: ಅದೇ ಟಿಕೆಟನ್ನು ಐಆರ್‌ಸಿಟಿಸಿಯಲ್ಲೇ ಯುಪಿಐನಲ್ಲಿ ಕಟ್ಟಿದ್ದರೆ 3,225.40. ನಿಮಗೆ 83.80 ಉಳಿಯುತ್ತಿತ್ತು. ಅದರಲ್ಲಿ 40 ಆ್ಯಪ್ ಬಿಟ್ಟಿದ್ದಕ್ಕೆ, ಉಳಿದದ್ದು ಕಾರ್ಡ್ ಬಿಟ್ಟಿದ್ದಕ್ಕೆ.

ಒಂದು ಕೆಲಸ ನೀವು ಸರಿಯಾಗಿಯೇ ಮಾಡಿದ್ದೀರಿ. ನಾಲ್ಕೂ ಜನರನ್ನು ಒಂದೇ ಟಿಕೆಟ್‌ನಲ್ಲಿ ಹಾಕಿದಿರಿ. ಕನ್ವೀನಿಯನ್ಸ್ ಫೀ ಬೀಳೋದು ಟಿಕೆಟ್ ಲೆಕ್ಕಕ್ಕೆ, ತಲೆ ಲೆಕ್ಕಕ್ಕಲ್ಲ, ಒಂದು ಟಿಕೆಟ್‌ನಲ್ಲಿ ಆರು ಜನ ಹಿಡಿಸುತ್ತಾರೆ. ಒಬ್ಬೊಬ್ಬರಿಗೆ ಬೇರೆ ಬೇರೆ ಮಾಡಿದ್ದರೆ ಯುಪಿಐನಲ್ಲೂ 94.40 ಹೋಗುತ್ತಿತ್ತು. ಆದರೆ ಸೀಟು ಕಮ್ಮಿ ಇದ್ದಾಗ ಒಂದು ಎಚ್ಚರ ಬೇಕು. ಎರಡು ಬರ್ತ್ ಉಳಿದಿದೆ, ನೀವು ನಾಲ್ಕು ಜನರನ್ನು ಹಾಕಿದಿರಿ ಅಂದರೆ ಇಬ್ಬರಿಗೆ ಕನ್ಫರ್ಮ್, ಇಬ್ಬರಿಗೆ ವೇಟಿಂಗ್ ಲಿಸ್ಟ್ ಬರಬಹುದು. ಕನ್ಫರ್ಮ್ ಇದ್ದರೆ ಮಾತ್ರ ಬುಕ್ ಮಾಡು ಅಂತ ಒಂದು ಟಿಕ್ ಅಲ್ಲೇ ಇದೆ, ಅದನ್ನು ಒತ್ತಿ. ನಾನಂತೂ ಅದನ್ನು ಒತ್ತದೆ ಮುಂದೆ ಹೋಗಲ್ಲ.

ಪೂರ್ತಿ ಸೊನ್ನೆ ಬೇಕು ಅನ್ನುವವರಿಗೆ ಇರೋದು ಒಂದೇ ದಾರಿ, ಸ್ಟೇಷನ್ನಿನ ರಿಸರ್ವೇಶನ್ ಕೌಂಟರ್. ಫಾರಂ ತುಂಬಿ, ಕ್ಯೂ ನಿಲ್ಲಿ, ಕನ್ವೀನಿಯನ್ಸ್ ಫೀ ಇಲ್ಲ. ಊರೊಳಗಿನ ಯಾತ್ರಿ ಟಿಕೆಟ್ ಸುವಿಧಾ ಕೇಂದ್ರವನ್ನು ರೈಲ್ವೆ ಕೌಂಟರ್ ಅಂದುಕೊಳ್ಳಬೇಡಿ. ಅದನ್ನು ನಡೆಸೋದು ಖಾಸಗಿಯವರು, ಅವರ ಸೇವಾ ಶುಲ್ಕ ಬೇರೆ ಇದೆ. ಇನ್ನೊಂದು ತೊಡಕು: ಕೌಂಟರ್ ಟಿಕೆಟನ್ನು ಆನ್‌ಲೈನಿನಲ್ಲಿ ರದ್ದು ಮಾಡಬಹುದು, ಆದರೆ ಹಣ ವಾಪಸ್ ಬೇಕಾದರೆ ಟಿಕೆಟ್ ಹಿಡಿದು ಮತ್ತೆ ಕೌಂಟರಿಗೇ ಹೋಗಬೇಕು. ಸ್ಟೇಷನ್ ಪಕ್ಕದಲ್ಲೇ ಮನೆ ಇದ್ದರೆ ಸರಿ. ವೈಟ್‌ಫೀಲ್ಡಿನಿಂದ ಮೆಜೆಸ್ಟಿಕ್ಕಿಗೆ 23 ರೂಪಾಯಿ ಉಳಿಸೋಕೆ ಹೋಗುತ್ತೀನಿ ಅಂದರೆ ನಿಮ್ಮಿಷ್ಟ.

ದಿನಾ ತುಮಕೂರಿಗೋ ಮಂಡ್ಯಕ್ಕೋ ಜನರಲ್ ಟಿಕೆಟ್‌ನಲ್ಲಿ ಓಡಾಡುವವರು ಇದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಕಿಲ್ಲ. ಮೊಬೈಲಿನಲ್ಲಿ ತೆಗೆಯುವ ಅನ್‌ರಿಸರ್ವ್ಡ್ ಟಿಕೆಟ್‌ಗೆ ಈ ಫೀ ಇಲ್ಲ.

ಪ್ರಶ್ನೆ: ವೇಟಿಂಗ್ ಲಿಸ್ಟ್ ಟಿಕೆಟ್ ಕನ್ಫರ್ಮ್ ಆಗಲಿಲ್ಲ, ತಾನೇ ರದ್ದಾಯಿತು. ಪ್ರಯಾಣವೇ ಮಾಡಿಲ್ಲ, ಕನ್ವೀನಿಯನ್ಸ್ ಫೀ ಯಾಕೆ ವಾಪಸ್ ಕೊಡಲ್ಲ?

ಕೊಡಲ್ಲ ಅಂತ ನಿಯಮದಲ್ಲೇ ಇದೆ. ನ್ಯಾಯವಾ ಅಂದರೆ ನನಗೂ ಅನ್ಯಾಯ ಅಂತಲೇ ಅನ್ನಿಸುತ್ತದೆ. ಆದರೆ ನೀವು ಹಿಡಿದಿರೋದು ಚಿಕ್ಕ ಬಾಲ. ಸ್ಲೀಪರ್, ಎಸಿ ವೇಟಿಂಗ್ ಲಿಸ್ಟ್‌ನಲ್ಲಿ ತಲೆಗೆ 60 ರೂಪಾಯಿ ಕ್ಲರ್ಕೇಜ್ ಅಂತ ಕಡಿಯುತ್ತಾರೆ, ನಾಲ್ಕು ಜನಕ್ಕೆ 240, ಎಸಿಗೆ ಅದರ ಮೇಲೆ ಜಿಎಸ್‌ಟಿ. ನಂಬರ್ ತುಂಬಾ ದೂರ ಇದ್ದರೆ ಬುಕ್ ಮಾಡಲೇಬೇಡಿ. ಕೌಂಟರ್‌ನಲ್ಲಿ ತೆಗೆದ ವೇಟಿಂಗ್ ಟಿಕೆಟ್ ತಾನೇ ರದ್ದಾಗಲ್ಲ, ರೈಲು ಹೊರಡುವ ಅರ್ಧ ಗಂಟೆ ಮೊದಲೇ ನೀವೇ ರದ್ದು ಮಾಡಬೇಕು. ಮರೆತರೆ ಪೂರ್ತಿ ಹಣಕ್ಕೆ ಕುತ್ತು.

ಪ್ರಶ್ನೆ: ಟೆಲಿಗ್ರಾಂನಲ್ಲಿ ಒಬ್ಬರು ಯಾವ ಚಾರ್ಜೂ ಇಲ್ಲದೆ ಕನ್ಫರ್ಮ್ ತತ್ಕಾಲ್ ಮಾಡಿಕೊಡುತ್ತಾರೆ, 300 ಕೊಟ್ಟರೆ ಸಾಕು. ತೆಗೆದುಕೊಳ್ಳಬಹುದಾ?

ಚಾರ್ಜ್ ಇಲ್ಲ, ಆದರೆ 300 ಕೊಡಬೇಕು! ಓದಿ ನೋಡಿ ಒಮ್ಮೆ, ನೀವೇ ಬರೆದಿದ್ದು. ಹೀಗೆ ಸ್ವಂತ ಐಡಿಯಲ್ಲಿ ಟಿಕೆಟ್ ಮಾಡಿ ಮಾರೋದು ರೈಲ್ವೆ ಕಾಯ್ದೆಯ 143ನೇ ಸೆಕ್ಷನ್ ಪ್ರಕಾರ ಅಪರಾಧ, ಮೂರು ವರ್ಷದವರೆಗೆ ಜೈಲು, 10,000ದವರೆಗೆ ದಂಡ. ಅವನು ಸಿಕ್ಕಿಬಿದ್ದರೆ ನಿಮ್ಮ ಟಿಕೆಟ್ಟಿಗೂ ಕುತ್ತು ಬರುತ್ತದೆ. ಬಂದದ್ದು ಬರೀ ಫೋಟೋಶಾಪ್ ಟಿಕೆಟ್ ಅಂತ ಪ್ಲಾಟ್‌ಫಾರ್ಮಿನಲ್ಲಿ ಗೊತ್ತಾದವರೂ ಇದ್ದಾರೆ.

ಪ್ರಶ್ನೆ: ಇನ್‌ಕಾಗ್ನಿಟೊದಲ್ಲಿ ಬುಕ್ ಮಾಡಿದರೆ ಫೀ ಕಮ್ಮಿ ಆಗುತ್ತಾ?

ಇಲ್ಲ. ಇದನ್ನು ಇನ್ನು ಕೇಳಬೇಡಿ.

ಪ್ರಶ್ನೆ: ಸಿನಿಮಾ ಟಿಕೆಟ್‌ಗೂ ಕನ್ವೀನಿಯನ್ಸ್ ಫೀ ಹಾಕುತ್ತಾರಲ್ಲ, ಅದು ಕಾನೂನುಬಾಹಿರ ಅಂತ ವಾಟ್ಸಾಪ್‌ನಲ್ಲಿ ಬಂದಿದೆ.

ಮಹಾರಾಷ್ಟ್ರ ಸರ್ಕಾರ 2013 ಮತ್ತು 2014ರಲ್ಲಿ ಹಾಗೊಂದು ನಿಷೇಧದ ಆದೇಶ ಹೊರಡಿಸಿತ್ತು, ಬಾಂಬೆ ಹೈಕೋರ್ಟ್ 2025ರ ಜುಲೈನಲ್ಲಿ ಅದನ್ನು ರದ್ದು ಮಾಡಿತು. ಆ ವಾಟ್ಸಾಪ್ ಸಂದೇಶವನ್ನು ಅಳಿಸಿ. ಫೀ ಬೇಡ ಅಂದರೆ ಥಿಯೇಟರ್ ಕೌಂಟರಿನಲ್ಲಿ ತೆಗೆಯಿರಿ. ಹೊಸ ಸಿನಿಮಾದ ಮೊದಲ ಭಾನುವಾರ ಬಿಟ್ಟರೆ ಸೀಟು ಸಾಮಾನ್ಯವಾಗಿ ಇರುತ್ತದೆ. ಆದರೆ ಮೊದಲು ಒಂದು ಬೆಲೆ ತೋರಿಸಿ ಕೊನೆಯ ಪುಟದಲ್ಲಿ ಶುಲ್ಕ ಸೇರಿಸೋದು, ಕೇಳದೆ ದೇಣಿಗೆ ಸೇರಿಸೋದು, ಇವೆರಡೂ ಗ್ರಾಹಕರನ್ನು ಏಮಾರಿಸುವ ಇಂಥ ತಂತ್ರಗಳನ್ನು ತಡೆಯುವ 2023ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ ಪ್ರಕಾರ ತಪ್ಪು. ಎರಡೂ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಸ್ಕ್ರೀನ್‌ಶಾಟ್ ಇಲ್ಲದೆ ಫೋನ್ ಮಾಡಿ ಆಮೇಲೆ ನನಗೆ ಬರೆಯಬೇಡಿ.

ಪ್ರಶ್ನೆ: ಟ್ರಾವೆಲ್ಸ್ ಆಫೀಸಿನಲ್ಲಿ ಡೆಬಿಟ್ ಕಾರ್ಡ್ ಉಜ್ಜಿದರೆ ಶೇ. 2 ಜಾಸ್ತಿ ಅಂದರು. ಕೊಡಬೇಕಾ?

ಕೊಡಬೇಡಿ. ಡೆಬಿಟ್ ಕಾರ್ಡಿನ ಎಂಡಿಆರ್ ಗ್ರಾಹಕರ ತಲೆಗೆ ಕಟ್ಟದಂತೆ ವ್ಯಾಪಾರಿಗಳನ್ನು ನೋಡಿಕೊಳ್ಳಿ ಅಂತ ರಿಸರ್ವ್ ಬ್ಯಾಂಕ್ 2017ರ ಡಿಸೆಂಬರ್‌ನಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಕಾರ್ಡ್ ಮೆಷಿನ್ ಮೇಲೆ ಯಾವ ಬ್ಯಾಂಕಿನ ಹೆಸರಿದೆ ನೋಡಿ, ದೂರು ಹೋಗಬೇಕಾದ್ದು ಆ ಬ್ಯಾಂಕಿಗೆ, ನಿಮ್ಮ ಬ್ಯಾಂಕಿಗಲ್ಲ. ಕ್ರೆಡಿಟ್ ಕಾರ್ಡಿಗೆ ಈ ಮಾತು ಅನ್ವಯಿಸಲ್ಲ, ಅಲ್ಲಿ ಜಗಳಕ್ಕೆ ಇಳಿಯಬೇಡಿ, ಯುಪಿಐನಲ್ಲಿ ಕಟ್ಟಿ ಬನ್ನಿ.