ಸಣ್ಣ ಎಲೆಕ್ಟ್ರಿಕ್ ಕಾರಿಗೆ ಯಾವ ಟೈರ್?

ಪ್ರಶ್ನೆ: ಹೊಸ ಕಾರಿನ 175/65 R14 ಟೈರ್ ಸದ್ದು ಮಾಡುತ್ತಿದೆ, ರಿಮ್ ಸಮೇತ 185/55 R15 ಹಾಕಿಸಲೇ? ಓಡಾಟ ವಿಜಯಪುರ–ಬಾಗಲಕೋಟೆ ನಡುವೆ.

ಬೇಡ, ಸದ್ದು ಕಡಿಮೆಯಾಗುವ ಭರವಸೆಯಿಲ್ಲ, ಕುಲುಕಾಟವಂತೂ ಹೆಚ್ಚುತ್ತದೆ. 175 ಮಿ.ಮೀ. ಅಗಲದ ಶೇ 65 ಎಂದರೆ ಟೈರಿನ ಪಕ್ಕದ ಗೋಡೆಯ ಎತ್ತರ ಸುಮಾರು 114 ಮಿ.ಮೀ.; 185ರ ಶೇ 55 ಎಂದರೆ 102 ಮಾತ್ರ. ತಗ್ಗಿನ ಅಂಚು ಬಡಿದಾಗ ಬಾಗಿ ಪೆಟ್ಟು ತಾಳಿಕೊಳ್ಳುವುದು ಈ ಗೋಡೆಯೇ ಆದ್ದರಿಂದ, ಅದು ಗಿಡ್ಡವಾದಷ್ಟೂ ಪೆಟ್ಟು ಸೀಟಿನವರೆಗೆ ಬರುತ್ತದೆ.

ಎಂಜಿನ್ ಸದ್ದಿಲ್ಲದ ಕಾರಿನಲ್ಲಿ ಟೈರಿನ ಗುಂಯ್‌ಗುಡುವಿಕೆ ಎದ್ದು ಕೇಳುತ್ತದೆ, ಮತ್ತು ಅದು ಹುಟ್ಟುವುದು ಹೆಚ್ಚಾಗಿ ಟೈರಿನ ಮೇಲ್ಮೈ ಗೆರೆಗಳ ವಿನ್ಯಾಸ ಹಾಗೂ ರಸ್ತೆಯ ಒರಟುತನದಿಂದ. ಅದೇ ವೇಗದಲ್ಲಿ ನುಣುಪಾದ ಡಾಂಬರಿನಿಂದ ಗೀರು ಹಾಕಿದ ಸಿಮೆಂಟ್ ರಸ್ತೆಗೆ ಬಂದಾಗ ಸದ್ದು ಬದಲಾದರೆ ಕಾರಣ ಇದೇ ಎಂದು ತಿಳಿಯಿರಿ. ಮೊದಲು, ತಣ್ಣಗಿರುವಾಗ, ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವಷ್ಟೇ ಗಾಳಿ ಇದೆಯೇ ನೋಡಿ. ಮುಂದೆ ಬದಲಿಸುವಾಗ ಇದೇ ಅಳತೆಯಲ್ಲಿ, ಟೈರ್ ಎಷ್ಟು ಭಾರ ಹೊರಬಲ್ಲದೆಂದು ತೋರಿಸುವ ಭಾರದ ಸೂಚ್ಯಂಕ ಇಳಿಸದೆ, ಕಡಿಮೆ ಸದ್ದಿನ ಟೈರ್ ಕೇಳಿ.